‘ಆರಾಮಿಲ್ಲ’ ಅಂದರೆ ಸಾಕು: ಒಂದು ದಿನದ ಸಿಕ್ ಲೀವ್ ಮೇಲ್ ಬರೆಯುವ ಬಗೆ

ನಾನು ಕಲಬುರಗಿಯಲ್ಲಿ ಒಂದು ಖಾಸಗಿ ಕಂಪನಿಯ ಶಾಖೆಯಲ್ಲಿ ಹಲವು ವರ್ಷ ಆಫೀಸ್ ಆಡಳಿತ ನೋಡಿಕೊಂಡವಳು. ಎಲ್ಲರ ರಜೆಯ ಮೇಲ್‌ಗಳು ನನ್ನ ಮುಂದೆ ಬರುತ್ತಿದ್ದವು. ಅವುಗಳಲ್ಲಿ ನಾನು ಓದಬಾರದಿದ್ದ ಎಷ್ಟೋ ವಿಷಯ ಇರುತ್ತಿತ್ತು. ಯಾರಿಗೆ ಮೂಲವ್ಯಾಧಿ, ಯಾರಿಗೆ ಗರ್ಭಪಾತ ಆಯಿತು, ಯಾರು ನಿದ್ದೆ ಮಾತ್ರೆ ತಗೊಳ್ತಾರೆ ಎಲ್ಲವೂ. ಯಾರೂ ಕೇಳಿರಲಿಲ್ಲ. ಅವರಾಗಿಯೇ ಬರೆದಿದ್ದರು.

ಒಮ್ಮೆ ನಾನೂ ಹಾಗೇ ಬರೆದೆ. ರಕ್ತಸ್ರಾವ ಜಾಸ್ತಿಯಾಗಿದೆ, ಸ್ಕ್ಯಾನಿಂಗ್‌ಗೆ ಹೇಳಿದ್ದಾರೆ, ಒಂದು ದಿನ ರಜೆ ಬೇಕು ಅಂತ. ಮ್ಯಾನೇಜರು ಒಳ್ಳೆಯವರು. ಅದನ್ನು ಹೆಡ್ ಆಫೀಸಿಗೆ ‘ದಯವಿಟ್ಟು ದಾಖಲಿಸಿ’ ಎಂದು ಫಾರ್ವರ್ಡ್ ಮಾಡಿದರು. ಹಾಜರಾತಿ ನೋಡುವವರಿಗೂ ಕಳಿಸಿದರು, ನನ್ನ ಕೆಲಸ ಮಾಡಬೇಕಾದವರಿಗೂ ಕಳಿಸಿದರು. ಪ್ರತಿ ಸಲವೂ ನನ್ನ ಮೇಲ್ ಕೆಳಗೆ ಅಂಟಿಕೊಂಡೇ ಹೋಯಿತು. ಮುಂದಿನ ವಾರ ಊಟದ ಹೊತ್ತಿನಲ್ಲಿ ಒಬ್ಬರು ಪ್ರೀತಿಯಿಂದಲೇ ಕೇಳಿದರು: ‘ಏನಕ್ಕಾ, ಸಿಹಿ ಸುದ್ದಿ ಏನರೆ ಇತ್ತೇನು?’ ನನಗೆ ಗಂಟಲು ಕಟ್ಟಿತು. ಅವತ್ತೇ ನನಗೆ ಅರ್ಥವಾಗಿದ್ದು ಏನಂದರೆ, ರಜೆಯ ಮೇಲ್ ಒಬ್ಬರ ಹತ್ತಿರ ನಿಲ್ಲುವ ಕಾಗದ ಅಲ್ಲ. ಮುಂದೆ ಹೋಗುವುದೇ ಅದರ ಕೆಲಸ. ಆದ್ದರಿಂದ ಅದನ್ನು ಬರೆಯುವಾಗಲೇ, ಕನಿಷ್ಠ ನಾಲ್ಕು ಜನ ಓದುತ್ತಾರೆ ಅಂತ ತಿಳಿದು ಬರೆಯಬೇಕು.

ಜಾಸ್ತಿ ಬರೆಯುವ ರೂಢಿ ಎಲ್ಲಿಂದ ಬಂತು?

ಶಾಲೆಯಿಂದ ಬಂತು ಅಂತ ನನಗೆ ಅನಿಸುತ್ತದೆ. ನಾವೆಲ್ಲ ಬಾಯಿಪಾಠ ಮಾಡಿದ ರಜಾ ಅರ್ಜಿ ನೆನಪಿದೆ ಅಲ್ವಾ? ‘ನನಗೆ ವಿಪರೀತ ಜ್ವರ ಬಂದಿರುವುದರಿಂದ ಶಾಲೆಗೆ ಬರಲು ಸಾಧ್ಯವಾಗುತ್ತಿಲ್ಲ. ಆದ್ದರಿಂದ ದಯಮಾಡಿ ಒಂದು ದಿನ ರಜೆ ನೀಡಬೇಕಾಗಿ ವಿನಂತಿ.’ ಇಂಗ್ಲಿಷಿನಲ್ಲೂ ಅದೇ ಅಚ್ಚು, ‘ಸಫರಿಂಗ್ ಫ್ರಮ್ ಫೀವರ್’. ಆ ಅಚ್ಚಿನಲ್ಲಿ ಕಾಯಿಲೆಯ ಹೆಸರಿಗೆ ಒಂದು ಜಾಗ ಮೊದಲೇ ಇದೆ. ಅದನ್ನು ತುಂಬದಿದ್ದರೆ ಅರ್ಜಿ ಪೂರ್ತಿ ಆಗಲಿಲ್ಲ ಅನಿಸುತ್ತದೆ. ದೊಡ್ಡವರಾಗಿ ನೌಕರಿಗೆ ಬಂದ ಮೇಲೂ ಕೈ ಅದೇ ಅಚ್ಚಿನಲ್ಲಿ ಓಡುತ್ತದೆ.

ಆದರೆ ನಮ್ಮ ಕಡೆಯ ಮಾತಿನಲ್ಲಿ ಇದಕ್ಕಿಂತ ಒಳ್ಳೆಯ ಪದ ಇದೆ. ‘ಆರಾಮಿಲ್ಲ.’ ಕಲಬುರಗಿ, ಬೀದರ, ಯಾದಗಿರಿಯಲ್ಲಿ ‘ಆರಾಮ ಇಲ್ರೀ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅದು ನೆಗಡಿ ಇರಬಹುದು, ಹೊಟ್ಟೆನೋವು ಇರಬಹುದು, ಮನಸ್ಸಿನ ತೊಂದರೆಯೂ ಇರಬಹುದು. ಸುಳ್ಳು ಅಲ್ಲ, ಪೂರ್ತಿ ಬಿಚ್ಚಿಯೂ ಹೇಳಿಲ್ಲ. ಮೇಲ್‌ನಲ್ಲಿ ಅದನ್ನೇ ‘ಆರೋಗ್ಯ ಸರಿ ಇಲ್ಲ’ ಅಂತ ಬರೆದರೆ ಆಯಿತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ‘ಅನ್‌ವೆಲ್’ ಅನ್ನುವ ಒಂದು ಪದ ಸಾಕು.

ಒಂದು ಮೇಲ್, ಮೊದಲಿನಿಂದ ಕೊನೆವರೆಗೆ

ನನ್ನ ಜೊತೆ ಮೊದಲು ಕೆಲಸ ಮಾಡಿದ ಒಬ್ಬ ಹುಡುಗ ಒಂದು ದಿನ ಬೆಳಗ್ಗೆ ಆರೂವರೆಗೆ ಫೋನ್ ಮಾಡಿದ. ‘ಅಕ್ಕಾ, ಇವತ್ತ ಆಫೀಸಿಗೆ ಹೋಗಾಕ ಆಗಲ್ಲ. ಮೇಲ್ ಬರದೀನಿ. ಒಮ್ಮೆ ನೋಡ್ರಿ.’ ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವನ ಕೆಲಸ, ದಿನಾಂಕ, ಕಾಯಿಲೆ ಎಲ್ಲವನ್ನೂ ಬದಲಿಸಿದ್ದೇನೆ. ಮೇಲ್ ಇದ್ದ ರೀತಿ ಮಾತ್ರ ನಿಜ.

ಅವನು ಬರೆದದ್ದು ಹೀಗಿತ್ತು:

ವಿಷಯ: ರಾತ್ರಿ ಎದೆನೋವು ಬಂದು ಆಸ್ಪತ್ರೆಗೆ ಹೋಗಿದ್ದೆ, ರಜೆ ಬೇಕು

ಸರ್, ನಿನ್ನೆ ರಾತ್ರಿ 1 ಗಂಟೆಗೆ ಎದೆ ಬಹಳ ಹೊಡೆದುಕೊಳ್ಳಲು ಶುರುವಾಯಿತು. ಉಸಿರು ಕಟ್ಟಿದ ಹಾಗಾಯಿತು. ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ನಾರ್ಮಲ್ ಬಂದಿದೆ. ಇದು ಟೆನ್ಶನ್‌ನಿಂದ ಆದ ಪ್ಯಾನಿಕ್ ಅಟ್ಯಾಕ್, ಮನೋವೈದ್ಯರಿಗೆ ತೋರಿಸಿ ಅಂದಿದ್ದಾರೆ. ಮೂರು ತಿಂಗಳಿಂದ ನನಗೆ ನಿದ್ದೆ ಸರಿ ಇಲ್ಲ. ಮನೆಯಲ್ಲೂ ಸ್ವಲ್ಪ ಸಮಸ್ಯೆ ಇದೆ. ನಿಜವಾಗಿ ಆರಾಮಿಲ್ಲ ಸರ್, ಸುಳ್ಳು ಹೇಳುತ್ತಿಲ್ಲ. ಡಾಕ್ಟರ್ ಚೀಟಿ ಲಗತ್ತಿಸಿದ್ದೇನೆ. ತಪ್ಪು ತಿಳಿಯಬೇಡಿ. ದಯವಿಟ್ಟು ಒಂದು ದಿನ ರಜೆ ಕೊಡಿ.

ಓದಿದಾಗ ಕರುಳು ಚುರ್ ಅಂದಿತು. ಆದರೆ ಮ್ಯಾನೇಜರ್ ಆಗಿ ಇದನ್ನೇ ಮತ್ತೊಮ್ಮೆ ಓದಿ. ಅವರಿಗೆ ತಿಳಿಯಬೇಕಾದದ್ದು ನಾಲ್ಕೇ ವಿಷಯ. ಇವನು ಇವತ್ತು ಬರುತ್ತಾನಾ? ಎಷ್ಟು ದಿನ ಬರುವುದಿಲ್ಲ? ಇವತ್ತಿನ ಕೆಲಸ ಯಾರು ಮಾಡುತ್ತಾರೆ? ಬೇಕಾದರೆ ಫೋನಿಗೆ ಸಿಗುತ್ತಾನಾ? ಈ ಹುಡುಗ ದಿನಾ 11 ಗಂಟೆಗೆ ಬೆಂಗಳೂರಿಗೆ ಸ್ಟಾಕ್ ರಿಪೋರ್ಟ್ ಕಳಿಸುವವನು. ಇಷ್ಟುದ್ದದ ಮೇಲ್‌ನಲ್ಲಿ ಆ ರಿಪೋರ್ಟಿನ ಮಾತೇ ಇಲ್ಲ. ಇಸಿಜಿ ಏನು ಬಂತು ಅಂತ ಇದೆ, ರಿಪೋರ್ಟ್ ಎಲ್ಲಿದೆ ಅಂತ ಇಲ್ಲ. ಮ್ಯಾನೇಜರು ಹತ್ತು ಗಂಟೆಗೆ ಫೋನ್ ಮಾಡಲೇಬೇಕಾಗುತ್ತದೆ. ಫೋನ್ ಮಾಡಿದರೆ ‘ಎದೆನೋವು ಹೇಗಿದೆ’ ಅಂತ ಶುರುವಾಗುತ್ತದೆ. ಅವನು ಯಾವುದನ್ನು ತಪ್ಪಿಸಬೇಕಿತ್ತೋ ಅದೇ ಮಾತು ಮೊದಲು ಬರುತ್ತದೆ.

ನಾವಿಬ್ಬರೂ ಫೋನಿನಲ್ಲೇ ಕೂತು ತಿದ್ದಿದೆವು. ಕೊನೆಗೆ ಹೋದ ಮೇಲ್ ಇದು:

ವಿಷಯ: ಇಂದು ಅನಾರೋಗ್ಯ ರಜೆ – ಜೂನ್ 9, ಮಂಗಳವಾರ

ನಮಸ್ಕಾರ ಸರ್,

ಇವತ್ತು ನನಗೆ ಆರೋಗ್ಯ ಸರಿ ಇಲ್ಲ, ಕೆಲಸಕ್ಕೆ ಬರಲು ಆಗುವುದಿಲ್ಲ. ಇಂದು ಒಂದು ದಿನ ಅನಾರೋಗ್ಯ ರಜೆ ತೆಗೆದುಕೊಳ್ಳುತ್ತಿದ್ದೇನೆ. ದಯವಿಟ್ಟು ಮಂಜೂರು ಮಾಡಿ.

11 ಗಂಟೆಯ ಸ್ಟಾಕ್ ರಿಪೋರ್ಟ್ ನಿನ್ನೆಯವರೆಗೆ ಪೂರ್ತಿಯಾಗಿದೆ, ಫೈಲ್ ಶೇರ್ಡ್ ಫೋಲ್ಡರಿನಲ್ಲಿದೆ. ಇಂದಿನ ಎಂಟ್ರಿ ಮಾತ್ರ ಬಾಕಿ. ಬಿಲ್ಲಿಂಗ್ ಡೆಸ್ಕಿನವರ ಜೊತೆ ಮಾತಾಡಿದ್ದೇನೆ, ಅವರು ಸೇರಿಸಿ ಕಳಿಸುತ್ತಾರೆ.

ತುರ್ತು ಇದ್ದರೆ ಮಧ್ಯಾಹ್ನ 3ರ ನಂತರ ವಾಟ್ಸಾಪ್‌ನಲ್ಲಿ ಸಿಗುತ್ತೇನೆ. ನಾಳೆ ಎಂದಿನಂತೆ ಬರುತ್ತೇನೆ. ಏನಾದರೂ ಬದಲಾದರೆ ಇಂದು ಸಂಜೆ 7ರೊಳಗೆ ತಿಳಿಸುತ್ತೇನೆ.

ವಂದನೆಗಳು

ಈಗ ಒಂದೊಂದಾಗಿ ನೋಡೋಣ, ಏನು ಬದಲಾಯಿತು, ಯಾಕೆ ಬದಲಾಯಿತು.

ವಿಷಯದ ಸಾಲಿನಿಂದ ಶುರು ಮಾಡಿ

ಮೇಲ್ ತೆರೆಯದೆಯೂ ಜನ ಓದುವ ಸಾಲು ಅದೊಂದೇ. ಮ್ಯಾನೇಜರ ಫೋನ್ ಮೇಜಿನ ಮೇಲಿದ್ದರೆ ಪರದೆಯ ಮೇಲೆ ಮೂಡುತ್ತದೆ. ಅವರು ಲ್ಯಾಪ್‌ಟಾಪನ್ನು ಮೀಟಿಂಗ್ ರೂಮಿನ ದೊಡ್ಡ ಪರದೆಗೆ ಜೋಡಿಸಿದ್ದರೆ ಎಲ್ಲರಿಗೂ ಕಾಣುತ್ತದೆ. ಆ ಸಾಲಿನಲ್ಲಿ ಮೂರು ಮಾತು ಇದ್ದರೆ ಸಾಕು: ರಜೆಯ ಬಗೆ, ದಿನಾಂಕ, ವಾರ. ‘ಇಂದು’ ಅಂತ ಮಾತ್ರ ಬರೆದು ದಿನಾಂಕ ಬಿಡಬೇಡಿ. ತಿಂಗಳ ಕೊನೆಗೆ ಹಾಜರಾತಿ ಹೊಂದಿಸುವವರು ಹುಡುಕುವುದು ದಿನಾಂಕವನ್ನೇ.

ಇನ್ನೊಂದು ಮಾತು. ಹೊಸ ಮೇಲ್ ಬರೆಯಿರಿ. ಯಾವುದೋ ಹಳೆ ಮೇಲ್‌ಗೆ ‘Reply all’ ಒತ್ತಿ ಅದರಲ್ಲೇ ರಜೆ ಕೇಳಿದವರನ್ನು ನೋಡಿದ್ದೇನೆ. ಆ ಹಳೆ ಮೇಲ್‌ನಲ್ಲಿ ಹೊರಗಿನ ಡೀಲರುಗಳೂ ಇದ್ದರು.

ಕಾರಣದ ವಾಕ್ಯ

ಇಡೀ ಮೇಲ್‌ನಲ್ಲಿ ಕಷ್ಟದ ವಾಕ್ಯ ಇದು. ಇದಕ್ಕೆ ನಾನು ಪಾಲಿಸುವ ಅಳತೆ ಒಂದೇ: ಯಾವ ರಜೆ ಕೇಳುತ್ತಿದ್ದೀರೋ ಆ ರಜೆಗೆ ಹೊಂದುವಷ್ಟು ಕಾರಣ, ಅದಕ್ಕಿಂತ ಒಂದು ಪದವೂ ಹೆಚ್ಚಲ್ಲ. ಅನಾರೋಗ್ಯ ರಜೆಗೆ ‘ಆರೋಗ್ಯ ಸರಿ ಇಲ್ಲ’ ಅನ್ನುವುದು ಹೊಂದುತ್ತದೆ.

ಇದರಿಂದ ಕೆಳಗೆ ಇಳಿದರೂ ತೊಂದರೆ. ‘ವೈಯಕ್ತಿಕ ಕಾರಣ’ ಅಂತ ಬರೆದರೆ ಅದು ಸಿಕ್ ಲೀವ್ ಅಂತ ಲೆಕ್ಕಕ್ಕೆ ಬರದೆ ಕ್ಯಾಶುಯಲ್ ಲೀವ್‌ನಿಂದ ಕಡಿತವಾಗಬಹುದು. ಕುತೂಹಲವೂ ಜಾಸ್ತಿಯಾಗುತ್ತದೆ. ‘ಎಮರ್ಜೆನ್ಸಿ’ ಅಂತ ಬರೆದರೆ ಜನ ಹೆದರುತ್ತಾರೆ, ಹತ್ತು ನಿಮಿಷದಲ್ಲಿ ಫೋನ್ ಬರಲು ಶುರುವಾಗುತ್ತದೆ.

ಮೇಲೆ ಹತ್ತಿದರೆ ಏನಾಗುತ್ತದೆ ಅಂತ ಹುಡುಗನ ಮೊದಲ ಮೇಲ್‌ನಲ್ಲೇ ನೋಡಿದಿರಿ. ಕೆಲವರು ಕಾಯಿಲೆಯ ಹೆಸರು ಹೇಳುವುದಿಲ್ಲ, ಲಕ್ಷಣಗಳನ್ನು ಹೇಳುತ್ತಾರೆ. ಎದೆ ಹೊಡೆದುಕೊಂಡಿತು, ಇಸಿಜಿ ಸರಿ ಇದೆ, ನಿದ್ದೆ ಬರುತ್ತಿಲ್ಲ ಅಂದ ಮೇಲೆ ಉಳಿದಿದ್ದನ್ನು ಓದುವವರೇ ಊಹಿಸುತ್ತಾರೆ. ಲಕ್ಷಣ ಮೂರು ಸೇರಿದರೆ ಕಾಯಿಲೆ ಹೇಳಿದ ಹಾಗೆಯೇ.

ಆಸ್ಪತ್ರೆಯ ಹೆಸರೂ ಹಾಗೆಯೇ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಜಯದೇವ, ಕಿದ್ವಾಯಿ ಎರಡೂ ಈಗ ಕಲಬುರಗಿಯಲ್ಲೇ ಇವೆ. ‘ಜಯದೇವಕ್ಕೆ ಹೋಗಬೇಕಿದೆ’ ಅಂದರೆ ಹೃದಯ, ‘ಕಿದ್ವಾಯಿಗೆ’ ಅಂದರೆ ಕ್ಯಾನ್ಸರ್ ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸುಮ್ನೆ ತಪಾಸಣೆಗೆ ಹೋದರೂ ಅದೇ ಅರ್ಥವಾಗುತ್ತದೆ. ಊರಿನ ಹೆಸರೂ ಮಾತಾಡುತ್ತದೆ. ‘ಸೊಲ್ಲಾಪುರಕ್ಕೆ ತೋರಿಸಲು ಹೋಗುತ್ತಿದ್ದೇನೆ’ ಅಥವಾ ‘ಹೈದರಾಬಾದಿಗೆ’ ಅಂತ ಬರೆದರೆ, ಇಲ್ಲಿ ವಾಸಿಯಾಗದ ದೊಡ್ಡ ಕಾಯಿಲೆ ಇರಬೇಕು ಅಂತ ಆಫೀಸಿನಲ್ಲಿ ಸುದ್ದಿ ಹಬ್ಬುತ್ತದೆ. ಬೆಳಗ್ಗಿನ ರೈಲಿಗೆ ಸೊಲ್ಲಾಪುರಕ್ಕೆ ಹೋಗಿ ಸಂಜೆ ವಾಪಸ್ ಬರುವವರಿದ್ದರೆ ‘ಇವತ್ತು ವೈದ್ಯರ ಭೇಟಿ ಇದೆ, ಊರಿನಲ್ಲಿ ಇರುವುದಿಲ್ಲ’ ಅಂದರೆ ಸಾಕು. ಅದನ್ನೂ ಹೇಳಬೇಕಾಗುವುದು, ಯಾರಾದರೂ ಕೀಲಿಕೈಗೋ ಸಹಿಗೋ ಮನೆಗೆ ಬರುವ ಸಾಧ್ಯತೆ ಇದ್ದರೆ ಮಾತ್ರ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಮುಚ್ಚಿಡುವುದಕ್ಕಾಗಿ ಸುಳ್ಳು ಕಾಯಿಲೆ ಕಟ್ಟಬೇಡಿ. ಮನೋವೈದ್ಯರ ಹತ್ತಿರ ಹೋಗಬೇಕಿತ್ತು, ‘ಜ್ವರ’ ಅಂತ ಬರೆದರು ಅನ್ನಿ. ಮರುದಿನ ‘ಎಷ್ಟ ಡಿಗ್ರಿ ಇತ್ತು? ಡೆಂಗ್ಯೂ ಚೆಕ್ ಮಾಡಿಸಿದ್ರೇನು?’ ಅಂತ ಕೇಳುತ್ತಾರೆ. ಒಂದು ಸುಳ್ಳಿಗೆ ಇನ್ನೂ ನಾಲ್ಕು ಬೇಕಾಗುತ್ತವೆ. ಸರ್ಟಿಫಿಕೇಟ್ ಕೇಳಿದ ದಿನ ಎಲ್ಲ ಬಿದ್ದುಹೋಗುತ್ತದೆ. ಹೇಳದೆ ಇರುವುದು ನಿಮ್ಮ ಹಕ್ಕು. ಇಲ್ಲದ್ದನ್ನು ಹೇಳಿದರೆ ಕೆಲಸಕ್ಕೇ ಕುತ್ತು ಬರಬಹುದು.

ನಂಬಿಸಲು ಬರೆಯುವ ವಾಕ್ಯಗಳನ್ನು ತೆಗೆಯಿರಿ

‘ಸುಳ್ಳು ಹೇಳುತ್ತಿಲ್ಲ’, ‘ನಿಜವಾಗಿ’, ‘ತಪ್ಪು ತಿಳಿಯಬೇಡಿ’. ಈ ಮೂರು ಮಾತು ಹುಡುಗನ ಮೇಲ್‌ನಲ್ಲಿ ಇದ್ದವು. ಓದುವವರ ಮನಸ್ಸಿನಲ್ಲಿ ಇಲ್ಲದ ಸಂಶಯವನ್ನು ಇವೇ ಹುಟ್ಟಿಸುತ್ತವೆ. ವಿವರ ಜಾಸ್ತಿ ಕೊಡುವುದೂ ಹೆಚ್ಚಾಗಿ ಇದೇ ಭಯಕ್ಕೆ. ನಂಬುವುದಿಲ್ಲವೇನೋ ಅನ್ನುವ ಭಯ.

ಆ ಭಯ ಇರುವವರಿಗೆ ಒಂದು ಕಾನೂನಿನ ಮಾತು ತಿಳಿದಿರಲಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಖಾಸಗಿ ಆಫೀಸು, ಶೋರೂಮು, ಅಂಗಡಿಗಳಲ್ಲಿ ದುಡಿಯುವವರಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಕೊಡುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ಸಕಾರಣಕ್ಕೆ ಅಂತ ಅದರ 15ನೇ ಸೆಕ್ಷನ್ ಹೇಳುತ್ತದೆ. ಗಳಿಕೆ ರಜೆ ಇದರ ಮೇಲೆ ಬೇರೆ. ಫ್ಯಾಕ್ಟರಿಗಳಿಗೂ ಸರ್ಕಾರಿ ನೌಕರರಿಗೂ ಬೇರೆ ನಿಯಮಗಳಿವೆ. ಆ ಕಾಯ್ದೆ ‘ಕಾಯಿಲೆ’ ಅನ್ನುತ್ತದೆ, ಯಾವ ಕಾಯಿಲೆ ಅಂತ ಪಟ್ಟಿ ಕೊಟ್ಟಿಲ್ಲ. ಒಂದು ದಿನದ ಅನಾರೋಗ್ಯ ರಜೆ ಯಾರೋ ಮಾಡುವ ಉಪಕಾರ ಅಲ್ಲ.

ಆದರೂ ‘ದಯವಿಟ್ಟು ಮಂಜೂರು ಮಾಡಿ’ ಅನ್ನುವುದನ್ನು ನಾನು ಬಿಡಿಸಲಿಲ್ಲ. ನಮ್ಮ ಕಡೆಯ ಆಫೀಸುಗಳಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಿರಿಯರಿಗೆ ಒರಟು ಅನಿಸುತ್ತದೆ. ಗೌರವದ ಸಾಲು ಇರಲಿ, ಬೇಡಿಕೊಳ್ಳುವುದು ಬೇಡ.

ಕೆಲಸದ ಪ್ಯಾರಾ ಉದ್ದ ಇರಲಿ

ಮೇಲ್‌ನಲ್ಲಿ ವಿವರ ಕೊಡಲೇಬೇಕು ಅನಿಸಿದರೆ ಅದನ್ನೆಲ್ಲ ಇಲ್ಲಿ ಕೊಡಿ. ಇದು ಸುಮ್ನೆ ಹೇಳುವ ಮಾತಲ್ಲ. ಮ್ಯಾನೇಜರ ತಲೆಯಲ್ಲಿ ಬೆಳಗ್ಗೆ ಓಡುವುದು ‘ಇವತ್ತಿನದು ಹೇಗೆ’ ಅನ್ನುವ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಕಾಯಿಲೆಯ ಬಗ್ಗೆ ಕೇಳುವ ಕಾರಣವೇ ಅರ್ಧ ಹೋಗುತ್ತದೆ. ಯಾವ ಕೆಲಸ, ಎಷ್ಟು ಮುಗಿದಿದೆ, ಫೈಲ್ ಎಲ್ಲಿದೆ, ಯಾರು ಮುಗಿಸುತ್ತಾರೆ ಅಂತ ಎರಡು ಮೂರು ವಾಕ್ಯದಲ್ಲಿ ಹೇಳಿ. ಇವತ್ತು ಆಗಲೇಬೇಕಾದ ಕೆಲಸ ಇಲ್ಲದಿದ್ದರೆ ಅದನ್ನೂ ಹೇಳಿ: ‘ಇಂದು ಗಡುವು ಇರುವ ಕೆಲಸ ಯಾವುದೂ ಇಲ್ಲ.’

ಸಹೋದ್ಯೋಗಿಯ ಹೆಸರು ಬರೆಯುವ ಮೊದಲು ಅವರಿಗೆ ಒಂದು ಮಾತು ಹೇಳಿರಬೇಕು. ಅವರಿಗೂ ‘ಇವತ್ತ ಆರಾಮಿಲ್ಲ, ಆ ರಿಪೋರ್ಟ್ ಒಂದ್ ಕಳಸ್ತೀರೇನು?’ ಅಷ್ಟೇ. ಮ್ಯಾನೇಜರಿಗೆ ಒಂದು ಕಥೆ, ಗೆಳೆಯನಿಗೆ ಇನ್ನೊಂದು ಕಥೆ ಹೇಳಿದರೆ ಮಧ್ಯಾಹ್ನದ ಚಹಾಕ್ಕೆ ಎರಡೂ ಕೂಡಿಬಿಡುತ್ತವೆ.

ಫೋನಿಗೆ ಸಿಗುವ ಹೊತ್ತನ್ನು ನೀವೇ ಗೊತ್ತು ಮಾಡಿ. ‘ಯಾವಾಗ ಬೇಕಾದರೂ ಕರೆ ಮಾಡಿ’ ಅಂತ ಬರೆದರೆ ಮಾಡುತ್ತಾರೆ. ಸಂಕಟದಲ್ಲಿ ಮಲಗಿದಾಗ ಎತ್ತಿದ ಫೋನಿನಲ್ಲಿ ಬಾಯಿ ತಪ್ಪಿ ಎಲ್ಲ ಹೊರಗೆ ಬರುತ್ತದೆ. ಪೂರ್ತಿ ಸಿಗಲು ಆಗುವುದಿಲ್ಲ ಅನ್ನುವಂಥ ದಿನವಿದ್ದರೆ ‘ಇಂದು ಫೋನಿಗೆ ಸಿಗುವುದು ಕಷ್ಟ’ ಅಂತ ನೇರವಾಗಿ ಬರೆಯಿರಿ.

‘ಬದಲಾದರೆ ಸಂಜೆ 7ರೊಳಗೆ ತಿಳಿಸುತ್ತೇನೆ’ ಅನ್ನುವ ಸಾಲನ್ನು ನಾನು ಎಲ್ಲರಿಗೂ ಸೇರಿಸಲು ಹೇಳುತ್ತೇನೆ. ಒಂದು ದಿನ ಎರಡು ದಿನ ಆದರೆ ಹೇಗೆ ಅನ್ನುವ ಆತಂಕಕ್ಕೆ ಅದೇ ಉತ್ತರ. ಆಮೇಲೆ ಆ ಹೊತ್ತಿಗೆ ನಿಜವಾಗಿ ತಿಳಿಸಬೇಕು.

ಚೀಟಿ ಲಗತ್ತಿಸುವ ಮೊದಲು

ಹುಡುಗ ಡಾಕ್ಟರ್ ಚೀಟಿಯ ಫೋಟೋ ಹಾಕಿದ್ದ. ನಾನು ಮೊದಲು ತೆಗೆಸಿದ್ದು ಅದನ್ನು. ಮೇಲ್‌ನಲ್ಲಿ ಎಷ್ಟು ಎಚ್ಚರದಿಂದ ಬರೆದರೂ ಚೀಟಿ ಎಲ್ಲವನ್ನೂ ಹೇಳಿಬಿಡುತ್ತದೆ. ಮೇಲ್ಗಡೆ ಡಾಕ್ಟರ ಡಿಗ್ರಿ, ಅವರು ಯಾವುದರ ತಜ್ಞರು ಅಂತ ಇರುತ್ತದೆ. ಕೆಳಗೆ ಮಾತ್ರೆಯ ಹೆಸರುಗಳು. ಮಾತ್ರೆಯ ಹೆಸರನ್ನು ಫೋನಿನಲ್ಲಿ ಹುಡುಕಲು ಅರ್ಧ ನಿಮಿಷ ಸಾಕು. ಹೆಂಗಸರ ಚೀಟಿಯಲ್ಲಿ ಮುಟ್ಟಿನ ದಿನಾಂಕವನ್ನೂ ಬರೆದಿರುತ್ತಾರೆ.

ಮೊದಲು ನಿಮ್ಮ ಕಂಪನಿಯ ರಜೆ ನಿಯಮ ನೋಡಿ. ಎಷ್ಟೋ ಕಡೆ ಎರಡು ಮೂರು ದಿನ ದಾಟಿದರೆ ಮಾತ್ರ ಸರ್ಟಿಫಿಕೇಟ್ ಕೇಳುತ್ತಾರೆ. ಕೇಳದಿದ್ದರೆ ಕೊಡಬೇಡಿ. ಒಂದು ದಿನಕ್ಕೂ ಬೇಕು ಅಂತ ನಿಯಮ ಇದ್ದರೆ ಕೊಡಲೇಬೇಕು. ಆಗ ಚೀಟಿಯ ಬದಲು ಮೆಡಿಕಲ್ ಸರ್ಟಿಫಿಕೇಟ್ ಬರೆಸಿಕೊಳ್ಳಿ.

ಅದರಲ್ಲೂ ಒಂದು ತೊಡಕು ಇದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲಿ ಕೊಟ್ಟಿರುವ ಸರ್ಟಿಫಿಕೇಟ್ ನಮೂನೆಯಲ್ಲೇ ‘ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ’ ಅನ್ನುವ ಖಾಲಿ ಜಾಗ ಇದೆ. ಡಾಕ್ಟರು ಅಭ್ಯಾಸದಂತೆ ಅದನ್ನು ತುಂಬುತ್ತಾರೆ. ಬರೆಯುವ ಮೊದಲೇ ಕೇಳಿ: ‘ಡಾಕ್ಟ್ರೇ, ಇದು ಆಫೀಸಿಗೆ ಕೊಡೋದು. ಕಾಯಿಲೆ ಹೆಸರು ಬೇಡ. ನಮ್ಮ ಹತ್ತಿರ ಚಿಕಿತ್ಸೆ ತಗೊಂಡಾರ, ಈ ದಿನ ವಿಶ್ರಾಂತಿ ಬೇಕು, ಇಂಥ ದಿನದಿಂದ ಕೆಲಸಕ್ಕೆ ಹೋಗಬಹುದು ಅಂತ ಬರೆದ್ರ ಆಗ್ತದೇನ್ರಿ?’ ಸಾಮಾನ್ಯವಾಗಿ ಒಪ್ಪುತ್ತಾರೆ. ಬೇರೆ ಕಾಯಿಲೆ ಬರೆಯಿರಿ ಅಂತ ಮಾತ್ರ ಕೇಳಬೇಡಿ, ಅದು ಅವರಿಗೂ ನಿಮಗೂ ಅಪಾಯ. ಮನೋವೈದ್ಯರ ಲೆಟರ್‌ಹೆಡ್ ಬೇಡ ಅನಿಸಿದರೆ, ಅವತ್ತು ನಿಮ್ಮನ್ನು ನೋಡಿದ ಸಾಮಾನ್ಯ ವೈದ್ಯರಿಂದಲೇ ತೆಗೆದುಕೊಳ್ಳಬಹುದು. ಹುಡುಗನನ್ನು ರಾತ್ರಿ ನೋಡಿದ್ದು ಅಂಥವರೇ ಆಗಿದ್ದರು, ಅವನಿಗೆ ಅದು ಅನುಕೂಲವಾಯಿತು.

ಸರ್ಟಿಫಿಕೇಟನ್ನು ರಜೆಯ ಮೇಲ್‌ಗೆ ಜೋಡಿಸಬೇಡಿ. ಎಚ್‌ಆರ್‌ಗೆ ಬೇರೆ ಮೇಲ್‌ನಲ್ಲಿ ಕಳಿಸಿ, ಇಲ್ಲವೇ ಲಕೋಟೆಯಲ್ಲಿ ಕೊಡಿ. ಮೊದಲ ಮೇಲ್ ನಾಲ್ಕು ಕಡೆ ಹೋಗಬಹುದು, ಇದು ಹೋಗಬಾರದು.

ಕಳಿಸುವ ಹೊತ್ತು

ಕೆಲಸ ಶುರುವಾಗುವ ಒಂದೂವರೆ ಎರಡು ಗಂಟೆ ಮೊದಲು ಹೋದರೆ ಒಳ್ಳೆಯದು. ಒಂಬತ್ತೂವರೆಯ ಆಫೀಸಾದರೆ ಎಂಟರೊಳಗೆ. ರಾತ್ರಿಯೇ ಬರೆದಿದ್ದರೆ ಆಗಲೇ ಕಳಿಸಬೇಡಿ. ನೋವಿನಲ್ಲಿ, ನಿದ್ದೆ ಇಲ್ಲದ ಹೊತ್ತಿನಲ್ಲಿ ಬರೆದ ಮೇಲ್ ಉದ್ದವಾಗುತ್ತದೆ. ಮನಸ್ಸು ಯಾರಿಗಾದರೂ ಹೇಳಿಕೊಳ್ಳಲು ಹಂಬಲಿಸುತ್ತಿರುತ್ತದೆ. ಅದು ತಪ್ಪಲ್ಲ, ಆದರೆ ಹೇಳಿಕೊಳ್ಳುವ ಜಾಗ ಮ್ಯಾನೇಜರ ಇನ್‌ಬಾಕ್ಸ್ ಅಲ್ಲ. ಅಕ್ಕನಿಗೆ, ಗೆಳತಿಗೆ ಫೋನ್ ಮಾಡಿ. ಮೇಲ್ ಬೆಳಗ್ಗೆ ಇನ್ನೊಮ್ಮೆ ಓದಿ ಕಳಿಸಿ. ಎಚ್ಚರವಾಗುವ ಭರವಸೆ ಇಲ್ಲದಿದ್ದರೆ ಜಿಮೇಲ್‌ನಲ್ಲಿ Schedule send ಒತ್ತಿ ಏಳು ಗಂಟೆಗೆ ಇಡಬಹುದು.

ಮೇಲ್ ಹೋದ ಮೇಲೆ ರಜೆಯ ಪೋರ್ಟಲ್‌ನಲ್ಲಿ Reason ಅಂತ ಪೆಟ್ಟಿಗೆ ಬರುತ್ತದಲ್ಲ, ಅಲ್ಲಿಯೂ ಇದೇ ಮಾತು ಬರೆಯಿರಿ. ಅದು ವರ್ಷಗಟ್ಟಲೆ ದಾಖಲೆಯಲ್ಲಿ ಉಳಿಯುತ್ತದೆ. ತಾನಾಗಿ ಹೋಗುವ ಉತ್ತರ ಇಡುವುದಿದ್ದರೆ, ಅಂದರೆ ಜಿಮೇಲ್‌ನ Vacation responder ಅಥವಾ ಔಟ್‌ಲುಕ್‌ನ Automatic replies, ಅದರಲ್ಲಿ ಆರೋಗ್ಯದ ಮಾತೇ ಬೇಡ. ಅದು ಗ್ರಾಹಕರಿಗೂ ಹೋಗುತ್ತದೆ. ‘ಇಂದು ರಜೆಯಲ್ಲಿದ್ದೇನೆ, ನಾಳೆ ಉತ್ತರಿಸುತ್ತೇನೆ’ ಅಂದರೆ ಮುಗಿಯಿತು.

ಫೋನ್ ಬಂದಾಗ

ನಮ್ಮ ಕಡೆ ‘ಯಾಕ್ರೀ, ಏನಾಗ್ಯಾದ?’ ಅಂತ ಕೇಳುವುದು ಹೆಚ್ಚಿನ ಸಲ ಅಕ್ಕರೆಯಿಂದ. ಅದಕ್ಕೆ ಸಿಡುಕಬಾರದು. ಹುಡುಗನಿಗೆ ನಾನು ಹೇಳಿಕೊಟ್ಟ ಉತ್ತರ ಇದು: ‘ಸ್ವಲ್ಪ ಆರಾಮ ಇಲ್ರೀ ಸರ್, ಡಾಕ್ಟರ್ ನೋಡ್ಯಾರ. ಕೇಳಿದ್ದಕ್ಕ ಬಹಳ ಖುಷಿ ಆಯ್ತ್ರಿ. ರಿಪೋರ್ಟ್ ಹೋತೇನ್ರಿ?’ ಮೊದಲು ಉತ್ತರ, ಆಮೇಲೆ ಕೃತಜ್ಞತೆ, ಕೊನೆಗೆ ಕೆಲಸದ ಮಾತು. ಮಾತು ಕೆಲಸಕ್ಕೆ ತಿರುಗಿದರೆ ಹೆಚ್ಚಿನವರು ಮತ್ತೆ ಹಿಂದೆ ಬರುವುದಿಲ್ಲ. ಬಂದರೆ, ‘ಡಾಕ್ಟರ್ ರೆಸ್ಟ್ ಮಾಡು ಅಂದಾರ್ರಿ, ನಾಳಿಗೆ ಬರ್ತೀನಿ’ ಅಂತ ಅದನ್ನೇ ಇನ್ನೊಂದು ಸಲ ಹೇಳಬೇಕು, ಹೊಸದೇನೂ ಸೇರಿಸಬಾರದು.

ಮನೆಯವರಿಗೂ ಇದನ್ನು ಹೇಳಿಡಿ. ನೀವು ಮಲಗಿರುವಾಗ ಅವ್ವ ಫೋನ್ ಎತ್ತುತ್ತಾಳೆ. ಆಕೆಗೆ ಮಗನ ಚಿಂತೆ, ಎದುರಿಗೆ ‘ಸಾಹೇಬ್ರು’. ರಾತ್ರಿ ನಡೆದಿದ್ದೆಲ್ಲ ಹೇಳಿಬಿಡುತ್ತಾಳೆ. ‘ಮಲಗ್ಯಾನ್ರೀ, ಎದ್ದ ಮ್ಯಾಲ ಫೋನ್ ಮಾಡ್ತಾನ್ರೀ’ ಅಂತ ಮಾತ್ರ ಹೇಳು ಅಂತ ಮೊದಲೇ ಹೇಳಿರಬೇಕು. ಸಲೈನ್ ಹಾಕಿದ ಕೈಯ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ತಮ್ಮನೋ ತಂಗಿಯೋ ಹಾಕದ ಹಾಗೆಯೂ ನೋಡಿಕೊಳ್ಳಿ.

ಇಷ್ಟು ಸಾಲದ ಸಂದರ್ಭಗಳು

ಕೆಲವು ಸಲ ಹೇಳಲೇಬೇಕು. ಅಂಟುವ ಕಾಯಿಲೆ ಇದ್ದರೆ ಪಕ್ಕದ ಸೀಟಿನವರ ಆರೋಗ್ಯದ ಪ್ರಶ್ನೆ ಬರುತ್ತದೆ. ಕಣ್ಣು ಬಂದಿದ್ದರೆ, ಮೈಮೇಲೆ ಅಮ್ಮ ಎದ್ದಿದ್ದರೆ ಅದನ್ನು ಮ್ಯಾನೇಜರಿಗೆ ಹೇಳಿ, ಗುಂಪಿಗಲ್ಲ. ಆಫೀಸಿನಲ್ಲೇ ಬಿದ್ದು ಪೆಟ್ಟಾಗಿದ್ದರೆ ಅವತ್ತೇ ಪೂರ್ತಿ ವಿವರ, ಹೊತ್ತು, ಜಾಗ ಸಮೇತ ಬರೆದಿಡಬೇಕು. ಮುಂದೆ ಚಿಕಿತ್ಸೆಯ ಖರ್ಚು, ಪರಿಹಾರ ಕೇಳುವಾಗ ಆ ಮೇಲ್ ಬೇಕಾಗುತ್ತದೆ. ಗಾಡಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ನಿದ್ದೆ ಬರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಾತ್ರೆಯ ಹೆಸರು ಹೇಳದಿದ್ದರೂ ‘ಎರಡು ದಿನ ಗಾಡಿ ಓಡಿಸಬಾರದು ಅಂದಿದ್ದಾರೆ’ ಅನ್ನುವುದನ್ನು ಹೇಳಬೇಕು.

ಇನ್ನೊಂದು, ಒಂದೊಂದೇ ದಿನದ ರಜೆ ಮತ್ತೆ ಮತ್ತೆ ಬಂದಾಗ. ಎರಡು ತಿಂಗಳಲ್ಲಿ ನಾಲ್ಕು ಸಲ ‘ಆರೋಗ್ಯ ಸರಿ ಇಲ್ಲ’ ಅಂತ ಮೇಲ್ ಹೋದರೆ ಯಾವ ಮ್ಯಾನೇಜರಾದರೂ ಕೇಳುತ್ತಾರೆ, ಕೇಳಬೇಕು ಕೂಡ. ಅದಕ್ಕೆ ಮೇಲ್ ಸಾಲುವುದಿಲ್ಲ, ಎದುರಿಗೆ ಕೂತು ಮಾತಾಡಬೇಕು.

ಆ ಹುಡುಗನಿಗೆ ಹಾಗೇ ಆಯಿತು. ಮನೋವೈದ್ಯರು ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದರು. ಆಗ ಅವನು ಮ್ಯಾನೇಜರ ಹತ್ತಿರ ಸಮಯ ಕೇಳಿ, ಬಾಗಿಲು ಹಾಕಿಕೊಂಡು ಮಾತಾಡಿದ. ‘ಸರ್, ಒಂದು ಚಿಕಿತ್ಸೆ ನಡದದ. ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮಧ್ಯಾಹ್ನ ಎರಡಕ್ಕ ಹೋಗಬೇಕಾಗ್ತದ. ಅವತ್ತಿನ ಕೆಲಸ ಹಿಂದಿನ ದಿನಾನೇ ಮುಗಸ್ತೀನ್ರಿ.’ ಮ್ಯಾನೇಜರು ಕ್ಯಾಲೆಂಡರ್ ತೆಗೆದು ಶುಕ್ರವಾರಗಳನ್ನು ಗುರುತು ಹಾಕಿಕೊಂಡರು. ಯಾವ ಚಿಕಿತ್ಸೆ ಅಂತ ಅವರು ಕೇಳಲಿಲ್ಲ.